ಸರಾಸರಿಯಲ್ಲಿ ಕಾಣದ ಆರು ಸೆಕೆಂಡು

ಕೆಲವು ವರ್ಷಗಳ ಹಿಂದೆ ಕಿರಾಣಿ ಅಂಗಡಿಯವರು ಸಗಟು ವ್ಯಾಪಾರಿಗಳಿಂದ ಮಾಲು ತರಿಸಿಕೊಳ್ಳುವ ಒಂದು ಆ್ಯಪ್‌ನ ತಂಡದಲ್ಲಿ ನಾನಿದ್ದೆ. ಒಂದು ಬೆಳಗ್ಗೆ ದಾವಣಗೆರೆಯ ಅಂಗಡಿಯವರೊಬ್ಬರು ಫೋನ್ ಮಾಡಿದರು. "ಸರ್, ನಿಮ್ ಆ್ಯಪ್ ತೆಗೆದ್ರೆ ಚಕ್ರ ತಿರುಗ್ತಾನೇ ಇರ್ತತಿ. ಎದುರಿಗೆ ಗಿರಾಕಿ ನಿಂತಿರ್ತಾರೆ, ನಾನು ಫೋನ್ ಹಿಡ್ಕೊಂಡು ಕೂತಿರ್ತೀನಿ" ಎಂದರು. ನಾನು ಗೋಡೆಯ ಮೇಲಿದ್ದ ದೊಡ್ಡ ಪರದೆಯನ್ನು ನೋಡಿದೆ. ಸರಾಸರಿ ಸಮಯ 234 ಮಿಲಿಸೆಕೆಂಡು ಎಂದಿತ್ತು, ಅಂದರೆ ಕಾಲು ಸೆಕೆಂಡಿಗಿಂತಲೂ ಕಡಿಮೆ. ಗೆರೆ ಹಸಿರಾಗಿತ್ತು. "ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ನೆಟ್‌ವರ್ಕ್ ಒಮ್ಮೆ ನೋಡಿಸಿಕೊಳ್ಳಿ" ಎಂದು ಹೇಳಿ ಫೋನ್ ಇಟ್ಟೆ.

ಅವರು ಮರುದಿನವೂ ಫೋನ್ ಮಾಡಿದರು, ಅದರ ಮರುದಿನವೂ ಮಾಡಿದರು. ಮೂರನೆಯ ಸಲ ನನಗೇ ಸಂಕೋಚವಾಗಿ ಪರದೆ ಬಿಟ್ಟು ಲಾಗ್ ತೆರೆದೆ. ಲಾಗ್ ಎಂದರೆ ಸರ್ವರ್ ತನ್ನ ಕೆಲಸವನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದಿಡುವ ದಿನಚರಿ. ಯಾರು ಕೇಳಿದರು, ಏನು ಕೇಳಿದರು, ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಅವರ ಗ್ರಾಹಕ ಸಂಖ್ಯೆ ಹಾಕಿ ಹುಡುಕಿದಾಗ 'ನನ್ನ ಆರ್ಡರ್‌ಗಳು' ಎಂಬ ಪುಟದ ಸಾಲುಗಳು ಒಂದರ ಕೆಳಗೊಂದು ಬಂದವು: 6,010 ಮಿಲಿಸೆಕೆಂಡು, 5,980, 6,050. ಪ್ರತಿ ಸಲವೂ ಆರು ಸೆಕೆಂಡು. ಅವರ ನೆಟ್‌ವರ್ಕಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆ ಆರು ಸೆಕೆಂಡೂ ನಮ್ಮ ಸರ್ವರಿನೊಳಗೇ ಕಳೆದಿತ್ತು.

ಹಾಗಾದರೆ ಗೋಡೆಯ ಪರದೆ ಸುಳ್ಳು ಹೇಳಿತೇ? ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ನಾವು ಕೇಳಿದ ಪ್ರಶ್ನೆ ತಪ್ಪಾಗಿತ್ತು.

ನೀವು ಫೋನಿನಲ್ಲಿ ಒಂದು ಗುಂಡಿ ಒತ್ತಿದಾಗ ಸರ್ವರಿಗೆ ಹೋಗುವ ಬೇಡಿಕೆಗೆ ರಿಕ್ವೆಸ್ಟ್ ಎನ್ನುತ್ತಾರೆ. ಅದು ಹೋಗಿ ಉತ್ತರ ಬರುವವರೆಗಿನ ಕಾಯುವಿಕೆಯೇ ಲೇಟೆನ್ಸಿ. ಆ ದಿನದ ಲಾಗ್‌ನಿಂದ ನೂರು ರಿಕ್ವೆಸ್ಟ್ ಎತ್ತಿಕೊಂಡರೆ ಲೆಕ್ಕ ಹೀಗಿತ್ತು. ಅರ್ಥವಾಗಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನೂರರಲ್ಲಿ 94 ರಿಕ್ವೆಸ್ಟ್‌ಗಳಿಗೆ 100 ಮಿಲಿಸೆಕೆಂಡಿನಲ್ಲಿ ಉತ್ತರ ಸಿಕ್ಕಿದೆ. ನಾಲ್ಕಕ್ಕೆ 500 ಮಿಲಿಸೆಕೆಂಡು ಹಿಡಿದಿದೆ. ಉಳಿದ ಎರಡಕ್ಕೆ 6,000, ಅಂದರೆ ಆರು ಸೆಕೆಂಡು. ಎಲ್ಲವನ್ನೂ ಕೂಡಿದರೆ 23,400. ನೂರರಿಂದ ಭಾಗಿಸಿದರೆ 234.

ಈ 234ನ್ನು ಒಮ್ಮೆ ನಿಂತು ನೋಡಬೇಕು. ನೂರು ಜನರಲ್ಲಿ ಒಬ್ಬರಾದರೂ 234 ಮಿಲಿಸೆಕೆಂಡು ಕಾದಿದ್ದಾರೆಯೇ? ಒಬ್ಬರೂ ಇಲ್ಲ. ಹೆಚ್ಚಿನವರು ಅದರ ಅರ್ಧಕ್ಕಿಂತ ಕಡಿಮೆ ಕಾದಿದ್ದಾರೆ. ಇಬ್ಬರು ಅದರ ಇಪ್ಪತ್ತೈದು ಪಟ್ಟು ಕಾದಿದ್ದಾರೆ. ಸರಾಸರಿ ಎಂಬುದು ಯಾರ ಅನುಭವವೂ ಅಲ್ಲದ ಒಂದು ಅಂಕಿ. ಮನುಷ್ಯರ ಎತ್ತರದಂಥ ವಿಷಯದಲ್ಲಿ ಸರಾಸರಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಬಹುಪಾಲು ಜನ ಅದರ ಆಸುಪಾಸಿನಲ್ಲೇ ಇರುತ್ತಾರೆ, ಸರಾಸರಿಯ ಇಪ್ಪತ್ತೈದು ಪಟ್ಟು ಎತ್ತರದ ಮನುಷ್ಯ ಎಲ್ಲೂ ಇಲ್ಲ. ಕಾಯುವಿಕೆಯ ಸ್ವಭಾವ ಹಾಗಲ್ಲ. ಒಂದು ರಿಕ್ವೆಸ್ಟ್ ಎಷ್ಟೇ ಚುರುಕಾದರೂ ಸೊನ್ನೆಗಿಂತ ಕೆಳಗೆ ಇಳಿಯಲಾರದು, ಆದರೆ ಮೇಲಕ್ಕೆ ಹೋಗುವುದಕ್ಕೆ ಮಿತಿಯೇ ಇಲ್ಲ. ಹಾಗಾಗಿ ಲೇಟೆನ್ಸಿಯ ಚಿತ್ರ ಬರೆದರೆ ಎಡಗಡೆ ಒಂದು ದೊಡ್ಡ ಗುಡ್ಡ, ಬಲಕ್ಕೆ ಉದ್ದವಾದ ತೆಳ್ಳನೆಯ ಬಾಲ. ತೊಂದರೆ ಅನುಭವಿಸುವವರೆಲ್ಲ ಆ ಬಾಲದಲ್ಲಿರುತ್ತಾರೆ.

ನಮ್ಮ ತಂಡದಲ್ಲಿ ಮುಂದೆ ಆದದ್ದು ಇನ್ನೂ ಪಾಠ ಕಲಿಸುವಂಥದ್ದು. ಅದೇ ದಿನಗಳಲ್ಲಿ ನಾವು ಮುಖಪುಟವನ್ನು ಚುರುಕುಗೊಳಿಸಿದ್ದೆವು. 100 ಮಿಲಿಸೆಕೆಂಡು ಹಿಡಿಯುತ್ತಿದ್ದ ರಿಕ್ವೆಸ್ಟ್‌ಗಳು 50ಕ್ಕೆ ಇಳಿದವು. ಅಷ್ಟರಲ್ಲಿ ಹಳೆಯ ಆರ್ಡರ್‌ಗಳು ಇನ್ನಷ್ಟು ಬೆಳೆದು, ಆರು ಸೆಕೆಂಡಿನವು ಎಂಟಕ್ಕೆ ಏರಿದವು. ಈಗ ಕೂಡಿ ನೋಡಿ: 94 ರಿಕ್ವೆಸ್ಟ್‌ಗಳಿಂದ 4,700, ನಾಲ್ಕರಿಂದ 2,000, ಎರಡರಿಂದ 16,000. ಒಟ್ಟು 22,700, ಸರಾಸರಿ 227. ದಾವಣಗೆರೆಯವರ ಕಷ್ಟ ಮೂರನೆಯ ಒಂದು ಪಾಲು ಹೆಚ್ಚಾಗಿದೆ, ಪರದೆಯ ಮೇಲಿನ ಸರಾಸರಿ ಮಾತ್ರ 234ರಿಂದ 227ಕ್ಕೆ ಇಳಿದು ಸುಧಾರಣೆ ತೋರಿಸುತ್ತಿದೆ. 50 ಮಿಲಿಸೆಕೆಂಡಿನ ಉಳಿತಾಯ ಮನುಷ್ಯರ ಕಣ್ಣಿಗೆ ಬೀಳುವಂಥದ್ದಲ್ಲ, ಎರಡು ಸೆಕೆಂಡಿನ ಹೆಚ್ಚಳ ಖಂಡಿತ ಬೀಳುತ್ತದೆ. ಸರಾಸರಿಗೆ ಆ ಭೇದ ಗೊತ್ತಿಲ್ಲ.

ಇದಕ್ಕೆ ಪರಿಹಾರ ದೊಡ್ಡ ಗಣಿತವೇನಲ್ಲ. ನೂರು ಸಮಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ಸಾಲಿನಲ್ಲಿ ಇಂತಿಷ್ಟನೆಯವರು ಎಷ್ಟು ಕಾದರು ಎಂದು ಕೇಳಿದರೆ ಆಯಿತು. ನೂರು ಸಾಲುಗಳ ಫೈಲ್ ಇದ್ದರೆ ಕಂಪ್ಯೂಟರಿಗೆ ಹೇಳುವುದು ಇಷ್ಟೇ:

```
sort -n samaya.txt | sed -n '99p'
```

ಮೊದಲರ್ಧ ಸಾಲು ಜೋಡಿಸುತ್ತದೆ, ಎರಡನೆಯರ್ಧ 99ನೆಯದನ್ನು ಎತ್ತಿ ತೋರಿಸುತ್ತದೆ. ಇದೇ 99ನೆಯ ಪರ್ಸೆಂಟೈಲ್. ಡ್ಯಾಶ್‌ಬೋರ್ಡಿನಲ್ಲಿ `p50`, `p95`, `p99` ಎಂದು ಬರೆದಿರುತ್ತದೆ, ಬೆಂಗಳೂರಿನ ಕಚೇರಿಗಳಲ್ಲಿ 'ಪಿ ನೈಂಟಿನೈನ್ ಎಷ್ಟಿದೆ' ಎಂದೇ ಕೇಳುತ್ತಾರೆ. ನಮ್ಮ ಮೊದಲಿನ ನೂರರಲ್ಲಿ ಐವತ್ತನೆಯವರು ಕಾದದ್ದು 100 ಮಿಲಿಸೆಕೆಂಡು, 95ನೆಯವರು 500, 99ನೆಯವರು 6,000. ಮೂರು ಅಂಕಿ ಓದಿದರೆ ಕಥೆಯೆಲ್ಲ ಗೊತ್ತಾಯಿತು: ಹೆಚ್ಚಿನವರು ಸುಖವಾಗಿದ್ದಾರೆ, ಕೆಲವರಿಗೆ ಸ್ವಲ್ಪ ತಡ, ನೂರಕ್ಕೆ ಒಬ್ಬಿಬ್ಬರಿಗೆ ಬಹಳ ತೊಂದರೆ.

ಪರ್ಸೆಂಟೈಲ್ ಎಂಬ ಪದ ನಮ್ಮ ಮನೆಗಳಿಗೆ ಹೊಸದಲ್ಲ. ಜೆಇಇ ಬರೆದ ಮಕ್ಕಳಿರುವ ಮನೆಗಳಲ್ಲಿ 99 ಪರ್ಸೆಂಟೈಲ್ ಎಂದರೆ ಸಿಹಿ ಹಂಚುತ್ತಾರೆ. ಅಲ್ಲೂ ಅರ್ಥ ಇದೇ: ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ಆ ಅಂಕಕ್ಕೆ ಸಮ ಅಥವಾ ಅದಕ್ಕಿಂತ ಕೆಳಗೆ. ಲೇಟೆನ್ಸಿಯಲ್ಲಿ ಮಾತ್ರ ಸಾಲಿನ ಕೊನೆಯಲ್ಲಿರುವವರು ಅದೃಷ್ಟವಂತರಲ್ಲ, ಎಲ್ಲರಿಗಿಂತ ಹೆಚ್ಚು ಹೊತ್ತು ಕಾದವರು.

ನೂರಕ್ಕೆ ಒಬ್ಬರು ತಾನೇ, ಅಷ್ಟು ಇದ್ದದ್ದೇ ಎಂದು ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಆ ಒಬ್ಬರು ಯಾರು ಎಂದು ಹುಡುಕಿದಾಗ ಆ ಸಮಾಧಾನ ಹೋಯಿತು. ದಾವಣಗೆರೆಯ ಅಂಗಡಿಯವರು ಮೂರು ವರ್ಷದಿಂದ ಹೆಚ್ಚುಕಡಿಮೆ ದಿನಾ ಮಾಲು ತರಿಸುತ್ತಿದ್ದವರು. ಅಂದರೆ ಸಾವಿರದಷ್ಟು ಆರ್ಡರ್‌ಗಳು, ಒಂದೊಂದರಲ್ಲಿ ಇಪ್ಪತ್ತು ಬಗೆಯ ಸಾಮಾನು ಎಂದರೂ ಇಪ್ಪತ್ತು ಸಾವಿರ ಸಾಲುಗಳು. 'ನನ್ನ ಆರ್ಡರ್‌ಗಳು' ಒತ್ತಿದಾಗಲೆಲ್ಲ ನಮ್ಮ ಪ್ರೋಗ್ರಾಂ ಅಷ್ಟನ್ನೂ ಡೇಟಾಬೇಸಿನಿಂದ ಎತ್ತಿ ತಂದು, ಕೊನೆಗೆ ಪರದೆಯ ಮೇಲೆ ಹತ್ತನ್ನು ತೋರಿಸುತ್ತಿತ್ತು. ಸಾಲದ್ದಕ್ಕೆ ಗ್ರಾಹಕ ಸಂಖ್ಯೆಯ ಮೇಲೆ ಇಂಡೆಕ್ಸ್ ಇರಲಿಲ್ಲ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇಲ್ಲದಿದ್ದರೆ ಒಂದು ಹೆಸರಿಗಾಗಿ ಎಲ್ಲ ಪುಟ ತಿರುವಬೇಕಾಗುತ್ತದಲ್ಲ, ಅದೇ ಪಾಡು. ನಿನ್ನೆ ಸೇರಿದ ಗ್ರಾಹಕರಿಗೆ ಇರುವುದು ಮೂರೋ ನಾಲ್ಕೋ ಆರ್ಡರ್. ಅವರು ಹೆಚ್ಚಾಗಿ ತೆರೆಯುತ್ತಿದ್ದದ್ದು ಮುಖಪುಟವನ್ನು, ಅದು ಥಟ್ಟನೆ ಬರುತ್ತಿತ್ತು. ಅಂದರೆ ನಿಧಾನ ಎಂಬುದು ಎಲ್ಲರಿಗೂ ಸರದಿಯಂತೆ ಬರುವ ದುರದೃಷ್ಟವಾಗಿರಲಿಲ್ಲ. ನಮ್ಮನ್ನು ಬಹಳ ನಂಬಿದ, ಬಹಳ ವ್ಯಾಪಾರ ಕೊಟ್ಟವರ ತಲೆಗೇ ಪ್ರತಿದಿನ ಬೀಳುತ್ತಿತ್ತು.

ಅಮೆಜಾನ್‌ನ ಎಂಜಿನಿಯರುಗಳು 2007ರಲ್ಲಿ ತಮ್ಮ ಡೈನಮೋ ಎಂಬ ದತ್ತಾಂಶ ವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ಮಾತಿದೆ. ಗ್ರಾಹಕರ ಹಳೆಯ ಖರೀದಿಗಳನ್ನು ಬಳಸಿಕೊಳ್ಳುವ ಸೇವೆಗಳಲ್ಲಿ, ಉದ್ದನೆಯ ಇತಿಹಾಸವಿರುವ ಗ್ರಾಹಕರಿಗೆ ಹೆಚ್ಚು ಕೆಲಸ ಬೀಳುತ್ತದೆ. ಸರಾಸರಿಯನ್ನೋ ಮಧ್ಯಾಂಕವನ್ನೋ ಗುರಿಯಾಗಿ ಇಟ್ಟುಕೊಂಡರೆ ಈ ಮುಖ್ಯ ಗ್ರಾಹಕರು ಎಷ್ಟು ಕಾಯುತ್ತಾರೆಂದು ಕಾಣುವುದೇ ಇಲ್ಲ. ಆದ್ದರಿಂದ ಅವರು 99.9ನೆಯ ಪರ್ಸೆಂಟೈಲ್ ಅನ್ನು ಅಳತೆಗೋಲಾಗಿ ಇಟ್ಟುಕೊಂಡರು. ಅವರು ಕೊಟ್ಟ ಉದಾಹರಣೆಯಲ್ಲಿ, ಒಂದು ಸೇವೆ ಸೆಕೆಂಡಿಗೆ 500 ರಿಕ್ವೆಸ್ಟ್‌ಗಳ ಒತ್ತಡದಲ್ಲೂ ಸಾವಿರದಲ್ಲಿ 999ಕ್ಕೆ 300 ಮಿಲಿಸೆಕೆಂಡಿನೊಳಗೆ ಉತ್ತರ ಕೊಡುವ ಭರವಸೆ ನೀಡುತ್ತದೆ. ಅದಕ್ಕೂ ಮೇಲೆ ಯಾಕೆ ಹೋಗಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಬರೆದಿದ್ದಾರೆ: ಖರ್ಚು ವಿಪರೀತ ಏರುತ್ತದೆ. ಬಾಲದ ಕೊನೆಯ ತುದಿಯನ್ನೂ ನೇರ ಮಾಡುತ್ತೇವೆ ಎನ್ನುವವರು ಈ ಮಾತನ್ನು ನೆನಪಿಡಬೇಕು.

ನೂರಕ್ಕೆ ಒಂದು ಎಂಬುದು ನೂರಕ್ಕೆ ಒಂದಾಗಿಯೇ ಉಳಿಯುವುದೂ ಇಲ್ಲ. ಮದುವೆ ದಿಬ್ಬಣದ ಬಸ್ಸು ಕೊನೆಯ ನೆಂಟರು ಹತ್ತುವ ತನಕ ಹೊರಡುವುದಿಲ್ಲ. ಇವತ್ತಿನ ದೊಡ್ಡ ಜಾಲತಾಣಗಳದ್ದೂ ಅದೇ ಸ್ಥಿತಿ. ನೀವು ಹುಡುಕಾಟದ ಪೆಟ್ಟಿಗೆಯಲ್ಲಿ ಒಂದು ಪದ ಹಾಕಿದರೆ ಅದು ಏಕಕಾಲಕ್ಕೆ ಎಷ್ಟೋ ಸರ್ವರ್‌ಗಳಿಗೆ ಹೋಗುತ್ತದೆ, ಎಲ್ಲರ ಉತ್ತರ ಸೇರಿದ ಮೇಲಷ್ಟೇ ಪುಟ ಸಿದ್ಧ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರ ತಮ್ಮ 'ದಿ ಟೇಲ್ ಅಟ್ ಸ್ಕೇಲ್' ಲೇಖನದಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ಒಂದು ಸರ್ವರ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ, ನೂರರಲ್ಲಿ ಒಮ್ಮೆ ಮಾತ್ರ ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಒಂದು ಪುಟಕ್ಕೆ ಇಂಥ ನೂರು ಸರ್ವರ್‌ಗಳ ಉತ್ತರ ಬೇಕಿದ್ದರೆ, ನೂರೂ ಚುರುಕಾಗಿ ಉತ್ತರಿಸುವ ಸಂಭವ 0.99ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.37. ಉಳಿದ ಶೇ. 63ರಷ್ಟು ಬಳಕೆದಾರರು ಒಂದು ಸೆಕೆಂಡಿಗಿಂತ ಹೆಚ್ಚು ಕಾಯುತ್ತಾರೆ. ಸರ್ವರ್ ಲೆಕ್ಕದಲ್ಲಿ ಅಪರೂಪವಾಗಿದ್ದ ತಡ ಬಳಕೆದಾರರ ಲೆಕ್ಕದಲ್ಲಿ ಮಾಮೂಲಿಯಾಯಿತು.

ಅವರು ಹೇಳಿದ ಉಪಾಯವೂ ಸರಳವಾಗಿದೆ. ಒಂದು ಸರ್ವರ್ ಸ್ವಲ್ಪ ಹೊತ್ತಿನಲ್ಲಿ ಉತ್ತರ ಕೊಡದಿದ್ದರೆ, ಅದೇ ಮಾಹಿತಿಯ ನಕಲು ಇರುವ ಇನ್ನೊಂದು ಸರ್ವರಿಗೆ ಅದೇ ಪ್ರಶ್ನೆ ಕಳಿಸಿ, ಯಾವುದು ಮೊದಲು ಬಂದರೆ ಅದನ್ನು ತೆಗೆದುಕೊಳ್ಳುವುದು. ಗೂಗಲ್‌ನ ಒಂದು ಪರೀಕ್ಷೆಯಲ್ಲಿ 100 ಸರ್ವರ್‌ಗಳಲ್ಲಿ ಹರಡಿದ್ದ 1,000 ಮೌಲ್ಯಗಳನ್ನು ಓದಬೇಕಿತ್ತು. 10 ಮಿಲಿಸೆಕೆಂಡು ಕಾದು ಎರಡನೆಯ ಪ್ರಶ್ನೆ ಕಳಿಸಿದಾಗ 99.9ನೆಯ ಪರ್ಸೆಂಟೈಲ್ 1,800 ಮಿಲಿಸೆಕೆಂಡಿನಿಂದ 74ಕ್ಕೆ ಇಳಿಯಿತು. ಹೆಚ್ಚಾದ ರಿಕ್ವೆಸ್ಟ್‌ಗಳು ಶೇ. 2 ಮಾತ್ರ. ಬರೀ ಸರಾಸರಿ ನೋಡುತ್ತಾ ಕೂತವರಿಗೆ ಇಂಥ ಉಪಾಯದ ಅಗತ್ಯವೇ ಹೊಳೆಯುವುದಿಲ್ಲ.

ಪರ್ಸೆಂಟೈಲ್ ಇಟ್ಟುಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ನಾನು ಬೇರೆ ಬೇರೆ ತಂಡಗಳಲ್ಲಿ ಕಂಡ ತಪ್ಪು ಒಂದಿದೆ: ಪರ್ಸೆಂಟೈಲ್‌ಗಳದ್ದೇ ಸರಾಸರಿ ತೆಗೆಯುವುದು. ಎರಡು ಸರ್ವರ್‌ಗಳಿವೆ, ಒಂದರ ಪಿ99 ಹತ್ತನೇ ಒಂದು ಸೆಕೆಂಡು, ಇನ್ನೊಂದರದ್ದು ಐದು ಸೆಕೆಂಡು. ಕೂಡಿ ಅರ್ಧ ಮಾಡಿದರೆ ಎರಡೂವರೆ ಸೆಕೆಂಡು ಚಿಲ್ಲರೆ. ಈ ಅಂಕಿಗೆ ಅರ್ಥವೇ ಇಲ್ಲ. ಸಾವಿರ ರಿಕ್ವೆಸ್ಟ್‌ಗಳಲ್ಲಿ ನಿಧಾನದ ಸರ್ವರಿಗೆ ನೂರು ಹೋಗಿ, ನೂರೂ ಐದು ಸೆಕೆಂಡು ಹಿಡಿದಿದ್ದರೆ ನಿಜವಾದ ಪಿ99 ಐದು ಸೆಕೆಂಡು. ಅದಕ್ಕೆ ಐದೇ ಐದು ಹೋಗಿದ್ದರೆ ನಿಜವಾದ ಪಿ99 ಹತ್ತನೇ ಒಂದು ಸೆಕೆಂಡು. ಎರಡೂ ಸಂದರ್ಭದಲ್ಲಿ ನಮ್ಮ ಎರಡೂವರೆ ತಪ್ಪೇ.

ಸರಿಯಾದ ದಾರಿ ಕಾಫಿ ಬೀಜ ಜರಡಿ ಹಿಡಿಯುವವರಿಗೆ ಚೆನ್ನಾಗಿ ಗೊತ್ತು. ದೊಡ್ಡ ತೂತಿನ ಜರಡಿ, ಸಣ್ಣ ತೂತಿನ ಜರಡಿ ಎಂದು ಹಾಯಿಸಿ ಗಾತ್ರಕ್ಕೊಂದು ರಾಶಿ ಮಾಡುತ್ತಾರೆ. ಎರಡು ತೋಟದ ಬೀಜ ಬಂದರೆ ದೊಡ್ಡದನ್ನು ದೊಡ್ಡ ರಾಶಿಗೂ ಸಣ್ಣದನ್ನು ಸಣ್ಣ ರಾಶಿಗೂ ಸುರಿದರೆ ಮುಗಿಯಿತು. ಸರ್ವರ್‌ಗಳೂ ಹಾಗೇ 100 ಮಿಲಿಸೆಕೆಂಡಿನೊಳಗೆ ಎಷ್ಟು, 250ರೊಳಗೆ ಎಷ್ಟು, ಒಂದು ಸೆಕೆಂಡಿನೊಳಗೆ ಎಷ್ಟು ಎಂದು ಎಣಿಕೆ ಇಟ್ಟುಕೊಳ್ಳಬೇಕು. ಇದಕ್ಕೆ ಹಿಸ್ಟೋಗ್ರಾಂ ಎಂದು ಹೆಸರು. ಎಲ್ಲ ಸರ್ವರ್‌ಗಳ ಎಣಿಕೆಯನ್ನು ರಾಶಿವಾರು ಕೂಡಿ, ಆಮೇಲೆ ಪರ್ಸೆಂಟೈಲ್ ತೆಗೆಯಬೇಕು. ಕೊನೆಯ ಜರಡಿ ಒಂದು ಸೆಕೆಂಡಿಗೆ ನಿಂತಿದ್ದರೆ ಅದರಾಚೆಗಿನ ಎರಡು ಸೆಕೆಂಡಿಗೂ ಇಪ್ಪತ್ತು ಸೆಕೆಂಡಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ಜರಡಿಗಳನ್ನು ನಿಮ್ಮ ಬಾಲ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಇಡಬೇಕು. ಐದು ನಿಮಿಷಕ್ಕೆ ಐವತ್ತು ರಿಕ್ವೆಸ್ಟ್ ಬರುವ ಸಣ್ಣ ಆ್ಯಪ್‌ನಲ್ಲಿ ಐದು ನಿಮಿಷದ ಪಿ99 ನೋಡುವುದರಲ್ಲೂ ಅರ್ಥವಿಲ್ಲ. ಅಲ್ಲಿ ಅದು ಒಂದೇ ಒಂದು ರಿಕ್ವೆಸ್ಟಿನ ಸಮಯ. ದಿನದ ಲೆಕ್ಕ ನೋಡಬೇಕು.

ಇನ್ನೊಂದು ತಪ್ಪು ಅಳೆಯುವವರ ಕಣ್ಣಿಗೇ ಬೀಳದಂಥದ್ದು. ಅಜುಲ್ ಸಿಸ್ಟಮ್ಸ್‌ನ ಗಿಲ್ ಟೆನೆ ಇದನ್ನು ಗುರುತಿಸಿ 'ಕೋಆರ್ಡಿನೇಟೆಡ್ ಒಮಿಷನ್' ಎಂದು ಹೆಸರಿಟ್ಟರು. ಹೊಸ ವ್ಯವಸ್ಥೆಯನ್ನು ಪರೀಕ್ಷಿಸುವ ಒಂದು ಪ್ರೋಗ್ರಾಂ ಸೆಕೆಂಡಿಗೊಂದು ರಿಕ್ವೆಸ್ಟ್ ಕಳಿಸುತ್ತಿದೆ, ಆದರೆ ಹಿಂದಿನದಕ್ಕೆ ಉತ್ತರ ಬರುವವರೆಗೆ ಮುಂದಿನದನ್ನು ಕಳಿಸುವುದಿಲ್ಲ ಎಂದಿಟ್ಟುಕೊಳ್ಳಿ. ತೊಂಬತ್ತು ಸೆಕೆಂಡು ಎಲ್ಲ ಸುಗಮ, ಪ್ರತಿಯೊಂದಕ್ಕೂ ಥಟ್ಟನೆ ಉತ್ತರ. ಆಮೇಲೆ ಸರ್ವರ್ ಹತ್ತು ಸೆಕೆಂಡು ಕಟ್ಟಿ ನಿಲ್ಲುತ್ತದೆ. ಪರೀಕ್ಷೆಯ ಪ್ರೋಗ್ರಾಂ ಸಭ್ಯವಾಗಿ ಕಾಯುತ್ತದೆ. ಕೊನೆಗೆ ಅದರ ಪುಸ್ತಕದಲ್ಲಿ 90 ಚುರುಕಾದವು, ಒಂದು ನಿಧಾನದ್ದು. 95ನೆಯ ಪರ್ಸೆಂಟೈಲ್ ಬಹಳ ಚೆನ್ನಾಗಿದೆ.

ನಿಜವಾದ ಗ್ರಾಹಕರು ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟು ಬರುವುದಿಲ್ಲ. ಆ ಹತ್ತು ಸೆಕೆಂಡಿನಲ್ಲೂ ಸೆಕೆಂಡಿಗೊಬ್ಬರಂತೆ ಬರುತ್ತಲೇ ಇರುತ್ತಾರೆ. ಮೊದಲು ಬಂದವರು ಹತ್ತು ಸೆಕೆಂಡು ಕಾಯುತ್ತಾರೆ, ಆಮೇಲಿನವರು ಒಂಬತ್ತು, ಮತ್ತೊಬ್ಬರು ಎಂಟು, ಹೀಗೆ ಕೊನೆಯವರು ಒಂದು. ನೂರರಲ್ಲಿ ಹತ್ತು ಮಂದಿ ಕಾದಂತಾಯಿತು, ಸಾಲಾಗಿ ನಿಲ್ಲಿಸಿದರೆ 95ನೆಯವರು ಕಾದದ್ದು ಐದು ಸೆಕೆಂಡು. ಪರೀಕ್ಷೆ ಮಾಡಿದವರಿಗೆ ಕಂಡದ್ದು ಒಂದು, ನಿಜವಾಗಿ ಆದದ್ದು ಹತ್ತು. ರಿಕ್ವೆಸ್ಟ್ ಕಳಿಸಿದ ಹೊತ್ತಿನಿಂದ ಅಳೆಯಬಾರದು, ಅದು ಹೊರಡಬೇಕಾಗಿದ್ದ ಹೊತ್ತಿನಿಂದ ಅಳೆಯಬೇಕು ಎಂಬುದು ಟೆನೆ ಅವರ ಪಾಠ. ಪಿ99 ಚೆನ್ನಾಗಿದೆ, ಜನ ಮಾತ್ರ ಬೈಯುತ್ತಿದ್ದಾರೆ ಎಂಬ ಪರಿಸ್ಥಿತಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಸರಾಸರಿಯನ್ನು ಎಸೆದುಬಿಡಿ ಎಂದು ನಾನು ಹೇಳುವುದಿಲ್ಲ. ಒಟ್ಟು ಎಷ್ಟು ಕೆಲಸವಿದೆ, ಎಷ್ಟು ಸರ್ವರ್ ಕೊಳ್ಳಬೇಕು ಎಂಬ ಲೆಕ್ಕಕ್ಕೆ ಸರಾಸರಿಯೇ ಬೇಕು. ಆದರೆ ಜನ ಹೇಗಿದ್ದಾರೆ ಎಂದು ಕೇಳುವಾಗ ಅದನ್ನು ಮುಂದಿಡಬಾರದು.

ನಾವು ಕೊನೆಗೆ ಮಾಡಿದ ಕೆಲಸ ಅರ್ಧ ದಿನದ್ದು. ಗ್ರಾಹಕ ಸಂಖ್ಯೆ ಮತ್ತು ದಿನಾಂಕದ ಮೇಲೆ ಇಂಡೆಕ್ಸ್ ಹಾಕಿದೆವು, ಇತ್ತೀಚಿನ ಮೂವತ್ತು ಆರ್ಡರ್‌ಗಳನ್ನು ಮಾತ್ರ ತರುವಂತೆ ಬದಲಿಸಿದೆವು, ಹಳೆಯವು ಬೇಕಾದವರಿಗೆ ಕೆಳಗೆ ಒಂದು ಗುಂಡಿ ಇಟ್ಟೆವು. ಪಿ99 ಅರ್ಧ ಸೆಕೆಂಡಿಗೆ ಇಳಿಯಿತು. ಗೋಡೆಯ ಪರದೆಯಲ್ಲಿ ಸರಾಸರಿಯ ಜಾಗಕ್ಕೆ ಪಿ50, ಪಿ95, ಪಿ99 ಎಂಬ ಮೂರು ಗೆರೆಗಳು ಬಂದವು. ಪ್ರತಿ ಸೋಮವಾರ ಅತಿ ನಿಧಾನದ ಇಪ್ಪತ್ತು ರಿಕ್ವೆಸ್ಟ್‌ಗಳನ್ನು ತೆಗೆದು, ಅವು ಯಾರವು ಎಂದು ನೋಡುವ ರೂಢಿ ಶುರುವಾಯಿತು. ದಾವಣಗೆರೆಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದೇ ಆಗಿತ್ತು ಎಂದು ಹೇಳಿದೆ.

ಇದೆಲ್ಲ ಎಂಜಿನಿಯರುಗಳ ಪಾಡು ಎಂದು ಬಿಡಬೇಡಿ. ಬ್ಯಾಂಕಿನ ಆ್ಯಪ್ ಇರಲಿ, ಟಿಕೆಟಿನದಿರಲಿ, ಚಕ್ರ ತಿರುಗುತ್ತಾ ನಿಂತರೆ ದೂರು ಕೊಡಿ. ಕೊಡುವಾಗ 'ನಿಮ್ಮ ಆ್ಯಪ್ ನಿಧಾನ' ಎಂದಷ್ಟೇ ಹೇಳಬೇಡಿ. ಯಾವ ಪುಟ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಗ್ರಾಹಕ ಸಂಖ್ಯೆ ಎಂದು ಬರೆದು ಕಳಿಸಿ. ಲಕ್ಷಾಂತರ ಸಾಲುಗಳ ಲಾಗ್‌ನಲ್ಲಿ ನಿಮ್ಮ ಒಂದು ಸಾಲನ್ನು ಹುಡುಕಲು ಅಷ್ಟು ಸಾಕು.